ಆಟದ ಲೋಕ ಮುಗಿಯುವ ಅಂಚಿನಲ್ಲಿ

ಮೊಬೈಲಿನ ಆಟವೊಂದರಲ್ಲಿ ಹುಡುಗನೊಬ್ಬ ಕಾಡಿನೊಳಗೆ ಓಡುತ್ತಿದ್ದಾನೆ. ಎಡತುದಿಗೆ ಬಂದಾಗ ಸುತ್ತಮುತ್ತ ಏನಿದೆ ನೋಡೋಣವೆಂದು ನೀವು ಎರಡು ಬೆರಳಿನಿಂದ ಚಿತ್ರವನ್ನು ಕಿರಿದಾಗಿಸುತ್ತೀರಿ. ಥಟ್ಟನೆ ಕಾಡು ಅಲ್ಲಿಗೇ ಮುಗಿದು, ಅದರಾಚೆ ಮರವೂ ಇಲ್ಲದ, ಆಕಾಶವೂ ಅಲ್ಲದ ನೀಲಿ ಪಟ್ಟಿಯೊಂದು ಕಾಣುತ್ತದೆ. ನಾಟಕದ ನಡುವೆ ಪಕ್ಕದ ಪರದೆ ಸರಿದು, ಒಳಗೆ ಬಣ್ಣ ಹಚ್ಚಿಕೊಳ್ಳುತ್ತಿರುವವರು ಕಂಡುಬಿಟ್ಟ ಹಾಗೆ. ಅಲ್ಲಿಯವರೆಗೆ ಕಟ್ಟಿದ್ದ ಲೋಕ ಆ ಕ್ಷಣಕ್ಕೆ ಒಡೆಯುತ್ತದೆ.

ಆಟದ ಕ್ಯಾಮೆರಾ ಎಂದರೆ ಗಾಜು, ಲೆನ್ಸುಗಳ ಯಂತ್ರವಲ್ಲ. ದೊಡ್ಡ ಭೂಪಟದ ಮೇಲೆ ನಡುವೆ ಕಿಂಡಿ ಕತ್ತರಿಸಿದ ರಟ್ಟನ್ನಿಟ್ಟು ಸರಿಸಿದರೆ ಹೇಗೋ ಹಾಗೆ. ಕಿಂಡಿಯಲ್ಲಿ ಕಂಡಷ್ಟೇ ಪರದೆಯ ಮೇಲೆ ಮೂಡುತ್ತದೆ. ಆದರೆ ಕಂಪ್ಯೂಟರು ಕ್ಯಾಮೆರಾದ ಸ್ಥಾನವೆಂದು ನೆನಪಿಡುವುದು ಕಿಂಡಿಯ ನಟ್ಟನಡುವಿನ ಒಂದು ಬಿಂದುವನ್ನು ಮಾತ್ರ. ಹೊಸಬರು ಎಡವುವುದು ಇಲ್ಲೇ. ಆ ಬಿಂದು ಭೂಪಟ ದಾಟದಂತೆ ಬೇಲಿ ಹಾಕಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಬಿಂದು ಅಂಚಿಗೆ ಬಂದು ನಿಂತಾಗ ಕಿಂಡಿಯ ಅರ್ಧ ಭಾಗ ಆಚೆ ಚಾಚಿರುತ್ತದೆ. ಆದ್ದರಿಂದ ಬೇಲಿಯನ್ನು ಕಿಂಡಿಯ ಅರ್ಧ ಅಗಲದಷ್ಟು ಒಳಕ್ಕೆ ಹಾಕಬೇಕು.

1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಕಾಲದಲ್ಲಿ ಇದು ಸುಲಭವಿತ್ತು. ಆ ಯಂತ್ರದ ಚಿತ್ರದ ಅಗಲ 256 ಚುಕ್ಕಿ, ಅರ್ಧ ಯಾವಾಗಲೂ 128. ಝೂಮ್ ಬಂದ ಮೇಲೆ ಅರ್ಧವೆಂಬುದು ಬೆರಳಿನ ಜೊತೆ ಹಿಗ್ಗುವ, ಕುಗ್ಗುವ ಅಳತೆಯಾಯಿತು.

ಯೂನಿಟಿ ಎಂಬ ತಂತ್ರಾಂಶದಲ್ಲಿ ಮಾಡಿದ ಆಟವನ್ನೇ ತೆಗೆದುಕೊಳ್ಳೋಣ. ಕಾಡಿನ ಅಗಲ 40 ಯೂನಿಟ್, ಎತ್ತರ 20. ಅಲ್ಲಿ `orthographicSize` ಎಂಬ ಸಂಖ್ಯೆ ಕಿಂಡಿಯ ಅರ್ಧ ಎತ್ತರವನ್ನು ಹೇಳುತ್ತದೆ. ಅದನ್ನು ಪರದೆಯ ಅಗಲ–ಎತ್ತರದ ಅನುಪಾತದಿಂದ ಗುಣಿಸಿದರೆ ಅರ್ಧ ಅಗಲ. 16:9 ಪರದೆಯಲ್ಲಿ ಈ ಸಂಖ್ಯೆ 5 ಇದ್ದರೆ ಅರ್ಧ ಅಗಲ ಸುಮಾರು 8.9. ಅಂದರೆ ಕ್ಯಾಮೆರಾದ ನಡುಬಿಂದು 8.9ರಿಂದ 31.1ರ ನಡುವೆ ಓಡಾಡಬಹುದು. ಈಗ ಆಟಗಾರ ಝೂಮ್ ತಗ್ಗಿಸಿ 9ಕ್ಕೆ ತಂದ ಎನ್ನಿ. ಅರ್ಧ ಅಗಲ 16 ಆಯಿತು. ಹೊಸ ಬೇಲಿ 16ರಿಂದ 24. ಆದರೆ ಆಟ ಶುರುವಾಗುವಾಗ ಒಮ್ಮೆ ಮಾತ್ರ ಲೆಕ್ಕ ಹಾಕಿ ಬಿಟ್ಟಿದ್ದರೆ ಹಳೆಯ 8.9 ಹಾಗೇ ಉಳಿದಿರುತ್ತದೆ. ಎಡತುದಿಯಲ್ಲಿ ಏಳು ಯೂನಿಟ್‌ನಷ್ಟು ಖಾಲಿ ಜಾಗ ಬಯಲಾಗುತ್ತದೆ. ಹಾಗಾಗಿ ಈ ಲೆಕ್ಕವನ್ನು ಪ್ರತಿ ಫ್ರೇಮಿನಲ್ಲೂ, ಝೂಮ್ ಬದಲಾದ ನಂತರ, ಹೊಸದಾಗಿ ಹಾಕಬೇಕು.

ಇದಕ್ಕಿಂತ ಕಾಡುವ ತೊಂದರೆ ಉದ್ದನೆಯ ಫೋನುಗಳಲ್ಲಿದೆ. 20:9 ಪರದೆಯಲ್ಲಿ ಝೂಮನ್ನು 10ಕ್ಕೆ ತಂದರೆ ಅರ್ಧ ಅಗಲ 22.2. ಕಿಂಡಿಯೇ ಕಾಡಿಗಿಂತ ಅಗಲವಾಯಿತು. ಎಡಬೇಲಿ 22.2ಕ್ಕೆ, ಬಲಬೇಲಿ 17.8ಕ್ಕೆ ಬಂದು ಎರಡೂ ಅದಲುಬದಲಾದವು. ಯೂನಿಟಿಯ `Mathf.Clamp` ಇದನ್ನು ತಪ್ಪೆಂದು ಹೇಳುವುದಿಲ್ಲ. ಬೆಲೆ ಕೆಳಮಿತಿಗಿಂತ ಕಡಿಮೆಯೇ ಎಂದು ಮೊದಲು ನೋಡುತ್ತದೆ, ಅಲ್ಲದಿದ್ದರೆ ಮೇಲ್ಮಿತಿಗಿಂತ ಹೆಚ್ಚೇ ಎಂದು ನೋಡುತ್ತದೆ. ಕ್ಯಾಮೆರಾದ ಈಗಿನ ಸ್ಥಾನವನ್ನೇ ಅದಕ್ಕೆ ಮತ್ತೆ ಮತ್ತೆ ಕೊಡುತ್ತಿದ್ದರೆ ಒಂದು ಫ್ರೇಮಿನಲ್ಲಿ 22.2, ಮರು ಫ್ರೇಮಿನಲ್ಲಿ 17.8, ಮತ್ತೆ 22.2. ಚಿತ್ರ ಗಡಗಡ ನಡುಗುತ್ತದೆ. ಪರದೆ ಹೀಗೆ ನಡುಗುವುದು ಕಂಡರೆ ನನ್ನ ಮೊದಲ ಅನುಮಾನ ಅದಲುಬದಲಾದ ಬೇಲಿಯ ಮೇಲೆಯೇ. ಅಂಥ ಹೊತ್ತಿನಲ್ಲಿ ಕ್ಯಾಮೆರಾವನ್ನು ಕಾಡಿನ ನಟ್ಟನಡುವೆ ನಿಲ್ಲಿಸಿಬಿಡಬೇಕು:

```csharp
float w = cam.orthographicSize * cam.aspect;
float lo = left + w, hi = right - w;
x = lo > hi ? (left + right) / 2
            : Mathf.Clamp(x, lo, hi);
```

ಎತ್ತರಕ್ಕೂ ಇದೇ ಲೆಕ್ಕ. ನಡುಕವೇನೋ ನಿಂತಿತು, ಖಾಲಿ ಜಾಗ ಮಾತ್ರ ಎರಡೂ ಬದಿ ಸಮವಾಗಿ ಉಳಿಯಿತು. ಅದೂ ಬೇಡವೆಂದರೆ ಝೂಮಿಗೇ ಮಿತಿ ಹಾಕಬೇಕು. ಈ ಕಾಡಿಗೆ 16:9 ಪರದೆಯಲ್ಲಿ ಮಿತಿ 10, 20:9 ಪರದೆಯಲ್ಲಿ 9. ಎಲ್ಲ ಫೋನಿಗೂ ಒಂದೇ ಸಂಖ್ಯೆ ಬರೆದಿಡಬಾರದು ಎನ್ನುವುದು ಇದಕ್ಕೇ.

ಇಷ್ಟಾದ ಮೇಲೂ ಝೂಮ್ ತಗ್ಗಿಸುವಾಗ ನೀಲಿ ಪಟ್ಟಿ ಒಮ್ಮೆ ಮಿಂಚಿ ಮಾಯವಾದರೆ, ತಪ್ಪು ಲೆಕ್ಕದಲ್ಲಿಲ್ಲ, ಅನುಕ್ರಮದಲ್ಲಿದೆ. ಕ್ಯಾಮೆರಾ ಹುಡುಗನನ್ನು ಗಕ್ಕನೆ ಹಿಂಬಾಲಿಸದೆ ಮೆಲ್ಲಗೆ ತೇಲಿಕೊಂಡು ಹೋಗಲಿ ಎಂದು ಬಹಳ ಜನ ನಯಗೊಳಿಸುತ್ತಾರೆ. ಹೋಗಬೇಕಾದ ಜಾಗಕ್ಕೆ ಬೇಲಿ ಹಾಕಿ, ಆಮೇಲೆ ನಯಗೊಳಿಸಿದರೆ, ಝೂಮ್ ಬೇಗ ಬದಲಾಗಿ ಕ್ಯಾಮೆರಾ ಹಿಂದೆ ಉಳಿಯುತ್ತದೆ. ಅದು ತಲಪುವವರೆಗಿನ ಕೆಲವು ಫ್ರೇಮುಗಳಲ್ಲಿ ಅಂಚು ಬಯಲು. ಮೊದಲು ಝೂಮ್, ಆಮೇಲೆ ನಯವಾದ ಚಲನೆ, ಕಟ್ಟಕಡೆಗೆ ಬೇಲಿ. ಇವನ್ನೆಲ್ಲ `LateUpdate` ಒಳಗೆ ಬರೆದರೆ ಆ ಫ್ರೇಮಿನಲ್ಲಿ ಹುಡುಗನನ್ನು ಸರಿಸುವ `Update` ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ.

ಪರೀಕ್ಷೆಗೆ ನಾನು ಹಿನ್ನೆಲೆಯ ಬಣ್ಣವನ್ನು ಕಣ್ಣು ಕುಕ್ಕುವ ಗುಲಾಬಿಗೆ ಬದಲಿಸುತ್ತೇನೆ. ಹುಡುಗನನ್ನು ನಾಲ್ಕು ಮೂಲೆಗೂ ಒಯ್ದು, ಪ್ರತಿ ಮೂಲೆಯಲ್ಲೂ ಝೂಮನ್ನು ಪೂರ್ತಿ ತಗ್ಗಿಸಿ, ಫೋನನ್ನು ಅಡ್ಡಕ್ಕೂ ಉದ್ದಕ್ಕೂ ತಿರುಗಿಸಿ ನೋಡುತ್ತೇನೆ. ಕೂದಲೆಳೆಯಷ್ಟು ಗುಲಾಬಿ ಇಣುಕಿದರೂ ಲೆಕ್ಕಕ್ಕೆ ಮರಳುತ್ತೇನೆ.