ರಜಾ ಅರ್ಜಿಗೆ ಸೇರಿದ ಎರಡನೇ ಭಾಗ

ತಾಂಬರಂನಲ್ಲಿರುವ ನನ್ನ ತಂಗಿಯ ಮಗಳಿಗೆ ಫೆಬ್ರುವರಿಯಲ್ಲಿ ಅಮ್ಮ ಎದ್ದಿತು. ಆರನೇ ಕ್ಲಾಸಿನ ಹುಡುಗಿ. ಪಕ್ಕದ ಮನೆಯ ತಮಿಳು ಪಾಟಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಹೋದರು. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಶಾಲೆಗೆ ಕಳಿಸಬೇಡಿ, ಉಳಿದ ಮಕ್ಕಳಿಗೆ ಅಂಟುತ್ತದೆ ಎಂದರು ಡಾಕ್ಟರು.

ತಂಗಿ ಕ್ಲಾಸ್ ಟೀಚರಿಗೆಂದು ಬರೆದದ್ದನ್ನು ಮೊದಲು ನನಗೆ ಕಳಿಸಿದಳು. ನಾವಿಬ್ಬರೂ ಕನ್ನಡ ಶಾಲೆಯಲ್ಲಿ ಬಾಯಿಪಾಠ ಮಾಡಿದ ಅರ್ಜಿಯೇ ಇಂಗ್ಲಿಷಿನಲ್ಲಿತ್ತು: ಇವರಿಂದ, ಇವರಿಗೆ, ಮಾನ್ಯರೇ, ರಜೆ ಮಂಜೂರು ಮಾಡಬೇಕಾಗಿ ವಿನಂತಿ, ತಮ್ಮ ವಿಧೇಯ.

ಅರ್ಜಿ, ರಜೆ, ಮಂಜೂರು ಮೂರೂ ಅರಬ್ಬೀ ಮೂಲದವು, ಪಾರಸಿ ನಡೆಯುತ್ತಿದ್ದ ಕಚೇರಿಗಳ ದಾರಿಯಿಂದ ಕನ್ನಡಕ್ಕೆ ಬಂದವು. ರಜೆಯ ಮೂಲಾರ್ಥವೇ ಒಪ್ಪಿಗೆ. ಶಾಲೆಯ ಅರ್ಜಿಯೂ ಮೇಲಿನವರ ಒಪ್ಪಿಗೆ ಕೇಳಿ ಅಲ್ಲಿಗೇ ನಿಲ್ಲುತ್ತದೆ. ತಪ್ಪಿದ ಪಾಠಕ್ಕೆ ಅದರಲ್ಲಿ ಜಾಗವಿಲ್ಲ. ಆಮೇಲೆ ಬಂದ ಸ್ಕೂಲ್ ಡೈರಿಯ ರಜೆ ಪುಟದಲ್ಲೂ ತಾರೀಖು, ಕಾರಣ, ಪೋಷಕರ ಸಹಿ, ಅಷ್ಟೇ. ಪಾಠದ ಹೊಣೆ ಪಕ್ಕದ ಬೆಂಚಿನ ಗೆಳತಿಯ ನೋಟ್‌ಬುಕ್ಕಿನದಾಗಿತ್ತು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿ, ಪಾಠ ಫೋನಿಗೆ ಬಂದ ಮೇಲೆ ನನ್ನ ತಂಗಿಯಂಥವರಿಗೆ ತಪ್ಪಿದ ಪಾಠದ ಬಗ್ಗೆ ಟೀಚರನ್ನು ನೇರವಾಗಿ ಕೇಳುವ ರೂಢಿಯಾಯಿತು. ಅರ್ಜಿಗೆ ಎರಡನೇ ಭಾಗ ಬಂದದ್ದು ಹಾಗೆ.

ಆದರೆ ಆ ಭಾಗವನ್ನು ಬರೆಯುವುದು ಯಾರೂ ಕಲಿಸಿದ್ದಲ್ಲ. ‘ಎಲ್ಲ ನೋಟ್ಸ್ ಕಳಿಸಿ’ ಎಂದರೆ ಹತ್ತಾರು ಫೋಟೊ ಬರುತ್ತವೆ. ಮಗು ಕೂತು ನಕಲು ಮಾಡುತ್ತದೆ, ಪುಟ ತುಂಬುತ್ತದೆ, ಲೆಕ್ಕ ಮಾತ್ರ ಬರುವುದಿಲ್ಲ. ನಾವು ತಿದ್ದಿ ಕಳಿಸಿದ್ದರ ಕನ್ನಡ ರೂಪ ಇದು:

‘ನಮಸ್ತೆ ಮಿಸ್. 6ನೇ ತರಗತಿ ಬಿ ವಿಭಾಗದ ನನ್ನ ಮಗಳಿಗೆ ಚಿಕನ್‌ಪಾಕ್ಸ್ ಆಗಿದೆ. ಫೆಬ್ರುವರಿ 10ರಿಂದ ಬರುತ್ತಿಲ್ಲ, 20ಕ್ಕೆ ಬರಬಹುದು. ವೈದ್ಯರ ಚೀಟಿ ಆಗ ತರುತ್ತಾಳೆ. ಈಗ ಜ್ವರವಿಲ್ಲ, ದಿನಕ್ಕೆ ಅರ್ಧ ಗಂಟೆ ಓದಬಲ್ಲಳು. ಮುಂದಿನ ಪಾಠಕ್ಕೆ ಬೇಕೇಬೇಕಾದದ್ದು ಯಾವುದು? ಯಾವುದನ್ನು ಬರೆಯದೆ ಬಿಡಬಹುದು? ತಪ್ಪಿದ ಟೆಸ್ಟ್ ಇದ್ದರೆ ಯಾವಾಗ ಬರೆಯಲಿ?’

ಮಗುವಿಗೆ ಎಷ್ಟು ಹೊತ್ತು ಕೂರಲು ಆಗುತ್ತದೆಂದು ಹೇಳಿದ್ದೇ ಮುಖ್ಯವಾಯಿತು ಎನ್ನುವುದು ನನ್ನ ಅಂದಾಜು. ಟೀಚರ್ ಸಂಜೆ ಉತ್ತರಿಸಿದರು: ಸಮಾಜದ ನೋಟ್ಸ್ ಬೇಡ, ಪಾಠ ಓದಿಕೊಂಡರೆ ಸಾಕು. ಗಣಿತದಲ್ಲಿ ಛೇದ ಬೇರೆಬೇರೆ ಇರುವ ಭಿನ್ನರಾಶಿ ಕೂಡುವುದು ಬಿಟ್ಟುಹೋಗಿದೆ, ಅದೊಂದೇ ಮಾಡಿಸಿ. ಟೆಸ್ಟ್ ಅವಳು ಶಾಲೆಗೆ ಬಂದು ವಾರವಾದ ಮೇಲೆ.

ತಂಗಿ 1/2 + 1/3 ಕೊಟ್ಟಳು. ಹುಡುಗಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಎಂದು ಬರೆದಳು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೇಗಾಯಿತೇ ಎಂದು ಕೇಳಿದ ಮೇಲೆ ತಡೆದಳು. ಕಾಗದವನ್ನು ಆರು ಸಮಪಾಲು ಮಡಿಸಿದರು. ಅರ್ಧವೆಂದರೆ ಮೂರು ಪಾಲು, ಮೂರನೇ ಒಂದೆಂದರೆ ಎರಡು. ಬೆರಳಿನಿಂದ ಎಣಿಸಿ 5/6 ಎಂದಳು. ಅಂದಿನ ಅರ್ಧ ಗಂಟೆ ಅದಕ್ಕೇ ಮುಗಿಯಿತು.