ಪಂಚಮಿಗೆ ಹುಟ್ಟಿದ ಅಜ್ಜಿಗೆ ಒಂದು ಪತ್ರ: ತಿಥಿಯಿಂದ ಅಂಚೆಚೀಟಿವರೆಗೆ

ಒಬ್ಬರೇ ಇರುವ ಅಜ್ಜಿಗೆ ಹುಟ್ಟುಹಬ್ಬದ ದಿನ ಕೈಬರಹದ ಪತ್ರ ಮುಟ್ಟಿಸುವುದು ಹೇಗೆ, ಇದು ಇವತ್ತಿನ ಮಾತು. ನಾನಿರೋದು ಪುಣೆಯಲ್ಲಿ, ನಮ್ಮ ಅಜ್ಜಿ ಇರೋದು ಧಾರವಾಡದಲ್ಲಿ. ಹಾಗಾಗಿ ಅದನ್ನೇ ಉದಾಹರಣೆಯಾಗಿ ತಗೊಳ್ಳೋಣ.

ಮೊದಲ ಪ್ರಶ್ನೆ: ಹುಟ್ಟುಹಬ್ಬ ಯಾವತ್ತು? ಆ ಕಾಲದ ಎಷ್ಟೋ ಅಜ್ಜಿಯರ ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಇರುತ್ತೆ. ಅದು ಗೊತ್ತಿಲ್ಲದಾಗ ಬರೆಸಿದ ದಿನಾಂಕ. ನಮ್ಮ ಅಜ್ಜಿಗೆ ಗೊತ್ತಿರೋದು ಒಂದೇ, ನಾಗರ ಪಂಚಮಿ ದಿನ ಹುಟ್ಟಿದ್ದು. ಅಂದರೆ ಶ್ರಾವಣ ಶುದ್ಧ ಪಂಚಮಿ. ಇದನ್ನು ಫೋನಿನ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷದ ರಿಮೈಂಡರ್ ಅಂತ ಹಾಕಿಟ್ಟರೆ ನಡೆಯಲ್ಲ. ಚಾಂದ್ರಮಾನ ವರ್ಷ ನಮ್ಮ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. 2024ರಲ್ಲಿ ಪಂಚಮಿ ಆಗಸ್ಟ್ 9ಕ್ಕೆ ಬಂತು, 2025ರಲ್ಲಿ ಜುಲೈ 29ಕ್ಕೆ. ಹೀಗೇ ಹಿಂದೆ ಸರಿದರೆ 2026ರಲ್ಲಿ ಜುಲೈ 18 ಆಗಬೇಕಿತ್ತು. ಆದರೆ 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಸೇರುವುದರಿಂದ ಹಬ್ಬ ಒಂದು ತಿಂಗಳು ಮುಂದೆ ಹೋಗಿ ಆಗಸ್ಟ್ 17ಕ್ಕೆ ಬರುತ್ತೆ. ಆದ್ದರಿಂದ ಪ್ರತಿ ಯುಗಾದಿಗೆ ಹೊಸ ಪಂಚಾಂಗ ನೋಡಿ ದಿನಾಂಕ ಗುರುತು ಮಾಡಿಕೊಳ್ಳಿ. ತಿಥಿ ಗೊತ್ತಿಲ್ಲ, ನಕ್ಷತ್ರ ಮಾತ್ರ ಗೊತ್ತು ಅಂದರೆ ಯಾವ ಮಾಸದಲ್ಲಿ ಹುಟ್ಟಿದ್ದು ಅಂತಲೂ ಕೇಳಿ. ನಕ್ಷತ್ರ ಸುಮಾರು 27 ದಿನಕ್ಕೊಮ್ಮೆ ತಿರುಗಿ ಬರುತ್ತೆ.

ಇನ್ನು ಏನು ಬರೆಯೋದು? ಫೋನಿನಲ್ಲಿ ಆಡಿದ ಮಾತು ಅಲ್ಲಿಗೇ ಮುಗಿಯುತ್ತೆ. ಒಬ್ಬರೇ ಇರುವವರ ಮನೆಯಲ್ಲಿ ಪತ್ರ ಮುಗಿಯಲ್ಲ. ದೇವರ ಗೂಡಿನ ಪಕ್ಕದಲ್ಲೋ ತಲೆದಿಂಬಿನ ಕೆಳಗೋ ಇರುತ್ತೆ, ಮಧ್ಯಾಹ್ನ ಮಧ್ಯಾಹ್ನ ಹೊರಗೆ ಬರುತ್ತೆ. ಹತ್ತು ಸಲ ಓದಿದರೂ ನೋಯಿಸದ ಮಾತಷ್ಟೇ ಅದರಲ್ಲಿ ಇರಬೇಕು. "ಪಾಪ, ನೀ ಒಬ್ಬಾಕಿನ ಇರತಿ" ಅನ್ನೋ ಸಾಲನ್ನು ಅವರು ಹತ್ತು ಸಲ ಒಬ್ಬರೇ ಕೂತು ಓದಬೇಕಾಗುತ್ತೆ. "ಲಗೂನ ಬರತೇನಿ" ಅನ್ನೋದು ಅದಕ್ಕಿಂತ ಕಷ್ಟ, ಯಾಕಂದರೆ ಕಾಗದದ ಮೇಲಿನ ಮಾತಿಗೆ ಅವರು ದಿನ ಎಣಿಸ್ತಾರೆ. ಟಿಕೆಟ್ ಆಗಿದ್ದರೆ ದಿನಾಂಕ ಬರೀರಿ, ಆಗಿಲ್ಲ ಅಂದರೆ ಬರೋ ವಿಷಯ ಬಿಟ್ಟುಬಿಡಿ.

ಇನ್ನೊಂದು ಮಾತು. ದೊಡ್ಡವರಿಗೆ ನಾವು ಹಾರೈಸೋದಕ್ಕಿಂತ ಅವರ ಹತ್ತಿರ ಆಶೀರ್ವಾದ ಕೇಳೋದು ನಮ್ಮಲ್ಲಿನ ಪದ್ಧತಿ. ಮತ್ತೆ, ಬಾಯಲ್ಲಿ "ನೀನು" ಅನ್ನೋ ಅಜ್ಜಿಗೆ ಪತ್ರದಲ್ಲಿ "ತಾವು" ಅಂದರೆ ಯಾರೋ ಬೇರೆಯವರು ಬರೆದ ಹಾಗಾಗುತ್ತೆ. ಮನೆಮಾತಿನಲ್ಲೇ ಬರೀರಿ. ನನ್ನ ಪತ್ರ ಹೀಗಿದೆ:

ಕ್ಷೇಮ
ಪುಣೆ, 3-8-2026

ಅಜ್ಜಿಗೆ ಸಾಷ್ಟಾಂಗ ನಮಸ್ಕಾರ. ನಾವು ಇಲ್ಲೆ ಎಲ್ಲಾರೂ ಆರಾಮ ಇದ್ದೇವಿ. ಈ ಪಂಚಮಿಗೆ ನಿನಗ ಎಂಬತ್ತೆರಡು ತುಂಬತಾವ. ಇಲ್ಲಿಂದನ ಕಾಲಿಗೆ ಬೀಳತೇನಿ, ಆಶೀರ್ವಾದ ಮಾಡು.

ಹ್ವಾದ ರವಿವಾರ ಒಂದು ಕಿಲೋ ಶೇಂಗಾ ತಂದು, ನೀ ಹೇಳಿದ್ಹಂಗ ಸಣ್ಣ ಉರಿ ಮ್ಯಾಲೆ ಹುರದೆ. ವಾಸನಿ ಮನಿ ತುಂಬಿತು. ನಿನ್ನ ಹಿತ್ತಾಳಿ ಡಬ್ಬಿ ನೆನಪಾತು.

ನೀ ಸಣ್ಣಾಕಿ ಇದ್ದಾಗ ಪಂಚಮಿ ಜೋಕಾಲಿ ಯಾವ ಗಿಡಕ್ಕ ಕಟ್ಟತಿದ್ರು? ನಿನ್ನ ಜೋಡಿ ಯಾರು ಜೀಕತಿದ್ರು? ಇದರಾಗ ಒಂದು ಖಾಲಿ ಪತ್ರ ಇಟ್ಟೇನಿ. ನಾಕು ಸಾಲು ಬರದು ಕಳಸು.

ಚೌತಿಗೆ ಟಿಕೆಟ್ ಆಗೇದ. ಸೆಪ್ಟೆಂಬರ್ 12, ಶನಿವಾರ ಮುಂಜಾನೆ ಬರತೇನಿ.

ನಿನ್ನ ಮೊಮ್ಮಗ

ಇಷ್ಟೇ. ಇದರಲ್ಲಿ ಜೋಕಾಲಿಯ ಪ್ರಶ್ನೆ ಮುಖ್ಯ. "ಹೆಂಗಿದ್ದಿ, ಗುಳಿಗಿ ತಗೊಂಡಿ?" ಅಂತ ಫೋನಿನಲ್ಲಿ ದಿನಾ ಕೇಳ್ತೀವಿ. ಅಜ್ಜಿಗೆ ಮಾತ್ರ ಉತ್ತರ ಗೊತ್ತಿರೋ ಪ್ರಶ್ನೆ ಒಂದಿದ್ದರೆ, ಪತ್ರ ಮಡಚಿಟ್ಟ ಮೇಲೂ ಅವರಿಗೆ ಯೋಚಿಸೋಕೆ ಏನಾದರೂ ಉಳಿಯುತ್ತೆ. ಒಂದೇ ವಿಷಯ ಸಾಕು, ಐದು ಪ್ರಶ್ನೆ ಹಾಕಿದರೆ ಪರೀಕ್ಷೆ ಆಗಿಬಿಡುತ್ತೆ.

ಈಗ ಅಕ್ಷರದ ವಿಷಯ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತೆ, ಗುಡಿಸು ಸಾಲಿನ ಮೇಲೆ ಏರುತ್ತೆ. ಸಾಲುಗಳು ಹತ್ತಿರ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ನಮ್ಮ ಕಣ್ಣಿಗೆ ಇದು ತೊಂದರೆ ಕೊಡಲ್ಲ, ಪೊರೆ ಬಂದ ಕಣ್ಣಿಗೆ ಎರಡು ಸಾಲೂ ಒಂದಾಗಿ ಕಾಣುತ್ತೆ. ಅದಕ್ಕೆ ಗೆರೆ ಇರುವ ಹಾಳೆ ತಗೊಂಡು, ಒಂದು ಗೆರೆ ಬಿಟ್ಟು ಒಂದರ ಮೇಲೆ ಬರೀರಿ. ನೀಲಿ ಬಾಲ್‌ಪೆನ್ ಬೇಡ, ಕಪ್ಪು ಜೆಲ್ ಪೆನ್ ಇರಲಿ. ಹೊಳೆಯುವ ಕಾಗದ ಬೇಡ, ಬೆಳಕು ಬಿದ್ದರೆ ಕಣ್ಣು ಕುಕ್ಕುತ್ತೆ. ಹಾಳೆಯ ಒಂದೇ ಬದಿಗೆ ಬರೀರಿ, ಇಲ್ಲದಿದ್ದರೆ ಹಿಂದಿನ ಶಾಯಿ ಮುಂದೆ ಇಣುಕುತ್ತೆ. ಹೀಗೆ ಬರೆದರೆ ಮೇಲಿನ ಪತ್ರಕ್ಕೆ ಎರಡು ಮೂರು ಹಾಳೆ ಬೇಕಾಗುತ್ತೆ.

ಅಲ್ಲಿಂದ ಅಂಚೆಯ ಲೆಕ್ಕ ಶುರು. ಅಜ್ಜಿ ಉತ್ತರ ಬರೆಯಲಿಕ್ಕೆ ಒಳಗೆ ಇಡುವುದು ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಪತ್ರ. ಅದರ ಮೇಲೆ ನಮ್ಮ ವಿಳಾಸ, ಪಿನ್‌ಕೋಡ್ ಮೊದಲೇ ಬರೆದಿಡಬೇಕು. ಆದರೆ ನಮ್ಮ ಪತ್ರಕ್ಕೆ ಇನ್‌ಲ್ಯಾಂಡ್ ಆಗಲ್ಲ, ಅದರೊಳಗೆ ಬೇರೆ ಏನೂ ಇಡುವಂತಿಲ್ಲ. ಲಕೋಟೆಯೇ ಬೇಕು. ಲಕೋಟೆಗೆ 20 ಗ್ರಾಂವರೆಗೆ 5 ರೂಪಾಯಿ ಚೀಟಿ. 80 ಜಿಎಸ್ಎಂ ಕಾಗದದ ಎ4 ಹಾಳೆ ಒಂದಕ್ಕೆ 5 ಗ್ರಾಂ, ಮೂರು ಹಾಳೆಗೆ 15. ಲಕೋಟೆ ಮತ್ತು ಇನ್‌ಲ್ಯಾಂಡ್ ಸೇರಿದರೆ 20 ದಾಟುತ್ತೆ. ಚೀಟಿ ಕಡಿಮೆ ಬಿದ್ದರೆ, ಕಡಿಮೆ ಬಿದ್ದ ಹಣದ ಎರಡರಷ್ಟನ್ನು ಪತ್ರ ಪಡೆಯುವವರು ಕೊಡಬೇಕು. ಹುಟ್ಟುಹಬ್ಬದ ದಿನ ಅಜ್ಜಿ ಬಾಗಿಲಲ್ಲಿ ನಿಂತು ಚಿಲ್ಲರೆ ಹುಡುಕೋದು ಬೇಡ. 10 ರೂಪಾಯಿ ಚೀಟಿ ಹಚ್ಚಿ, ಇಲ್ಲವೇ ಕೌಂಟರಿನಲ್ಲಿ ತೂಕ ಹಾಕಿಸಿ.

ಸ್ಪೀಡ್ ಪೋಸ್ಟ್ ಯಾಕೆ ಬೇಡ ಅಂದರೆ, ಅದನ್ನು ಕೈಗೇ ಕೊಡಬೇಕು. ಬಾಗಿಲು ಹಾಕಿದ್ದರೆ ಅಥವಾ ಅಜ್ಜಿಗೆ ಗಂಟೆ ಕೇಳಿಸದಿದ್ದರೆ ವಾಪಸ್ ಅಂಚೆ ಕಚೇರಿಗೆ ಹೋಗುತ್ತೆ. ಸಾದಾ ಪತ್ರವನ್ನು ಬಾಗಿಲ ಸಂದಿಯಲ್ಲಿ ಹಾಕಿ ಹೋಗಬಹುದು. ಆದರೆ ಅದು ಎಲ್ಲಿದೆ ಅಂತ ಮೊಬೈಲಿನಲ್ಲಿ ನೋಡೋಕಾಗಲ್ಲ, ಆದ್ದರಿಂದ ದಿನ ಹೆಚ್ಚು ಇಟ್ಟುಕೊಳ್ಳಬೇಕು. 2026ರ ಆಗಸ್ಟ್ 17 ಸೋಮವಾರ. 16 ಭಾನುವಾರ, 15 ಸ್ವಾತಂತ್ರ್ಯ ದಿನ, ಎರಡೂ ರಜೆ. ಅಂದರೆ ಪತ್ರ ಶುಕ್ರವಾರ 14ರೊಳಗೆ ಮುಟ್ಟಬೇಕು. ನಾನು 4ನೇ ತಾರೀಖು ಡಬ್ಬಿಗೆ ಹಾಕ್ತೀನಿ. ನಾಲ್ಕು ದಿನ ಮೊದಲೇ ಮುಟ್ಟಿದರೆ ನಷ್ಟ ಇಲ್ಲ, ಪಂಚಮಿ ಮುಗಿದ ಮೇಲೆ ಮುಟ್ಟಿದರೆ ಜೋಕಾಲಿ ಇಳಿದಿರುತ್ತೆ. ಹಾಕೋ ಮುಂಚೆ ಲಕೋಟೆಯ ಮೂಲೆಗಳಿಗೆ ಸ್ವಲ್ಪ ಅರಿಶಿನ ಹಚ್ಚಿ. ಮದುವೆ ಪತ್ರಿಕೆ ನೋಡಿದವರಿಗೆ ಗೊತ್ತು, ಅರಿಶಿನ ಕಂಡರೆ ಒಳಗಿರೋದು ಶುಭ ಸುದ್ದಿ. ಅನಿರೀಕ್ಷಿತವಾಗಿ ಬಂದ ಅಂಚೆ ನೋಡಿ ಗಾಬರಿ ಆಗಲ್ಲ.

ಪತ್ರ ಓದೋಕೆ ಆಯ್ತಾ ಅಂತ ತಿಳಿಯೋದು ಹೇಗೆ? "ಮುಟ್ಟಿತಾ?" ಅಂತ ಕೇಳಿದರೆ "ಮುಟ್ಟಿತಪಾ, ಚಲೋ ಬರದಿ" ಅಂತಾರೆ. ಅಕ್ಷರ ಕಾಣದಿದ್ದರೂ ಅದನ್ನೇ ಅಂತಾರೆ. ಅದಕ್ಕೆ ಪಂಚಮಿ ಸಂಜೆ ಫೋನ್ ಮಾಡಿ ಜೋಕಾಲಿ ಯಾವ ಗಿಡಕ್ಕೆ ಕಟ್ಟತಿದ್ರು ಅಂತ ಕೇಳಿ. ಹುಣಸೆ ಮರವೋ ಬೇವಿನ ಮರವೋ ತಕ್ಷಣ ಬಂದರೆ ಓದಿದ್ದಾರೆ. "ಯಾವ ಜೋಕಾಲಿ?" ಅಂದರೆ ಬೈಯಬೇಡಿ, ಪತ್ರ ನೀವೇ ಫೋನಿನಲ್ಲಿ ಓದಿ ಹೇಳಿ. ಚೌತಿಗೆ ಹೋದಾಗ ಮೊದಲ ಕೆಲಸವಾಗಿ ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಫೋನಿನಲ್ಲಿ ಗೊತ್ತಾಗದ ವಿಷಯವೊಂದು ಪತ್ರದಿಂದ ಗೊತ್ತಾಯಿತು ಅಂದುಕೊಳ್ಳಿ.