ಒತ್ತಕ್ಷರದ ಮೇಲೆ ಸುಳ್ಳು ಆಪಾದನೆ

ನಮ್ಮ ಓದುಗರ ಬಳಗದ ಸೂಚನೆಯನ್ನು ವೆಬ್ ಪುಟಕ್ಕೆ ಹಾಕಿದಾಗ ಅದರ ಐದು ಸಾಲುಗಳಲ್ಲಿ ನಾಲ್ಕು ಸಾಲು ಅಗಲವಾಗಿ ಕೂತವು. ನಡುವೆ ಇದ್ದ "Google Meet, 6.30 PM" ಎಂಬ ಸಾಲು ಮಾತ್ರ ಮುದುಡಿಕೊಂಡಿತ್ತು. "ಒತ್ತಕ್ಷರಗಳ ಕಾಟ" ಎಂದರು ಗೆಳೆಯರೊಬ್ಬರು. ನೋಡಿದರೆ ಒಂದೂ ಒತ್ತಿಲ್ಲದ "ನಮನ" ಎಂಬ ಸಾಲು ಕೂಡ ಅಷ್ಟೇ ಎತ್ತರವಿತ್ತು!

ಪುಟಕ್ಕೆ ನಾವು ಹೇಳಿದ್ದ ಫಾಂಟ್ ಏರಿಯಲ್. ಅದರಲ್ಲಿ ಕನ್ನಡ ಅಕ್ಷರಗಳಿಲ್ಲ. ಆಗ ಬ್ರೌಸರ್ ಕನ್ನಡವಿರುವ ಬೇರೊಂದು ಫಾಂಟನ್ನು ಕಂಪ್ಯೂಟರಿನಲ್ಲಿ ಹುಡುಕಿ, ಆ ಅಕ್ಷರಗಳಿಗಷ್ಟೇ ಅದನ್ನು ಬಳಸುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ ಸಿಕ್ಕೀತು, ಮ್ಯಾಕ್‌ನಲ್ಲಿ ಕನ್ನಡ ಸಂಗಮ್. ಹೀಗಾಗಿ ಒಂದೇ ಪುಟ ಒಂದೊಂದು ಯಂತ್ರದಲ್ಲಿ ಒಂದೊಂದು ಥರ ಕಾಣುತ್ತದೆ.

ಪ್ರತಿ ಫಾಂಟೂ ಅಕ್ಷರಗಳು ಕೂರುವ ಗೆರೆಯಿಂದ ಮೇಲೆಷ್ಟು, ಕೆಳಗೆಷ್ಟು ಜಾಗ ಬೇಕೆಂದು ಮೊದಲೇ ಬರೆದಿಟ್ಟುಕೊಂಡಿರುತ್ತದೆ. ಏರಿಯಲ್‌ಗೆ 16 ಪಿಕ್ಸೆಲ್ ಗಾತ್ರದಲ್ಲಿ ಮೇಲೆ ಸುಮಾರು 15, ಕೆಳಗೆ 3 ಸಾಕು. ಕನ್ನಡ ಫಾಂಟಿಗೆ ಹಾಗಾಗದು, "ಲಕ್ಷ್ಮಿ"ಯ ಎರಡೆರಡು ಒತ್ತುಗಳೂ ಕೆಳಗೆ ಹಿಡಿಸಬೇಕಲ್ಲ. ಲೆಕ್ಕಕ್ಕೆಂದು ಅದು ಮೇಲೆ 14, ಕೆಳಗೆ 12 ಕೇಳುತ್ತದೆ ಎಂದಿಟ್ಟುಕೊಳ್ಳೋಣ. ಬ್ರೌಸರ್ ಮೇಲಿನದರಲ್ಲಿ ದೊಡ್ಡದನ್ನು, ಕೆಳಗಿನದರಲ್ಲಿ ದೊಡ್ಡದನ್ನು ಬೇರೆ ಬೇರೆಯಾಗಿ ಆರಿಸುತ್ತದೆ. 15 ಮತ್ತು 12 ಸೇರಿ 27. ಏರಿಯಲ್ ಒಂದೇ ಇದ್ದರೆ 18, ಕನ್ನಡ ಫಾಂಟ್ ಒಂದೇ ಇದ್ದರೆ 26. ಬೆರೆತಾಗ ಎರಡಕ್ಕಿಂತಲೂ ಹೆಚ್ಚು. ಈ ಲೆಕ್ಕದಲ್ಲಿ ಬ್ರೌಸರ್ ಅಕ್ಷರದ ಆಕಾರವನ್ನು ನೋಡುವುದೇ ಇಲ್ಲ, ಫಾಂಟ್ ಕೇಳಿದ ಜಾಗವನ್ನಷ್ಟೇ ನೋಡುತ್ತದೆ. ಸಾಲಿನಲ್ಲಿ ಒಂದೇ ಒಂದು "ನ" ಇದ್ದರೂ 27 ಆಗುವುದು ಅದಕ್ಕೇ.

ಅನುಮಾನವಿದ್ದರೆ ಕ್ರೋಮ್‌ನಲ್ಲಿ ಆ ಸಾಲಿನ ಮೇಲೆ ಬಲಗುಂಡಿ ಒತ್ತಿ Inspect ತೆರೆದು, Computed ವಿಭಾಗದ ಕೊನೆಯಲ್ಲಿರುವ Rendered Fonts ನೋಡಿ. ಎರಡು ಹೆಸರು ಕಂಡರೆ ಕಳ್ಳ ಸಿಕ್ಕಿದ ಹಾಗೆ.

ನಾವು ಮಾಡಿದ್ದು ಇಷ್ಟು:

```
p {
  font-family: "Noto Sans Kannada", Arial, sans-serif;
  line-height: 1.7;
}
```

ಕೆಲಸ ಮಾಡಿದ್ದು ಮುಖ್ಯವಾಗಿ ಎರಡನೆಯ ಸಾಲು. ಎತ್ತರವನ್ನು ಹೀಗೆ ಅಂಕಿಯಲ್ಲಿ ಹೇಳಿಬಿಟ್ಟರೆ ಬ್ರೌಸರ್ ಪಟ್ಟಿಯಲ್ಲಿ ಯಂತ್ರಕ್ಕೆ ಸಿಗುವ ಮೊದಲ ಫಾಂಟನ್ನು ಮಾತ್ರ ಪರಿಗಣಿಸುತ್ತದೆ. ಬದಲಿಗೆ ಬಂದ ಫಾಂಟ್ ಎಷ್ಟೇ ಜಾಗ ಕೇಳಲಿ, ಸಾಲು ಹಿಗ್ಗುವುದಿಲ್ಲ. ಕನ್ನಡವನ್ನು ಪಟ್ಟಿಯ ಮೊದಲಿಗೆ ಇಟ್ಟದ್ದು, ಓದುವವರ ಯಂತ್ರದಲ್ಲಿ ಆ ಫಾಂಟ್ ಇದ್ದರೆ ಅದೇ ಬರಲಿ ಎಂದು.

ಮೊದಲು ಜಾಗ ಉಳಿಸುವ ಆಸೆಯಿಂದ 1.2 ಕೊಟ್ಟಿದ್ದೆ. ಸಾಲುಗಳು ಸಮವಾದವು ನಿಜ, ಆದರೆ "ಲಕ್ಷ್ಮಿ"ಯ ಒತ್ತು ಕೆಳಸಾಲಿನ "ಗೀ"ಯ ಗುಡಿಸಿಗೆ ತಾಗಿ ಕೂತಿತ್ತು.